ನಾಲ್ಕು ವರ್ಷ ಬಳಸಿ, ಬಿದ್ದು, ಕೊನೆಗೆ ಕೊಯ್ದು ನೋಡಿದ ಹೆಲ್ಮೆಟ್

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಒಂದನ್ನು ನಾಲ್ಕು ವರ್ಷಕ್ಕೂ ಮೇಲೆ ಬಳಸಿದ ಅನುಭವ ಇದು. 2021ರ ಮಳೆಗಾಲಕ್ಕೆ ಮುಂಚೆ, ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡದ್ದು. ಆಲ್ದೂರು ಕಡೆಯ ಮನೆಯಿಂದ ಚಿಕ್ಕಮಗಳೂರಿನ ಕೆಲಸಕ್ಕೆ ಬೈಕಿನಲ್ಲಿ ಹೋಗಿಬರುವವನು ನಾನು. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ನನ್ನ ತಲೆಗೆ ಒಗ್ಗಿದ ಮಾದರಿ ನಿಮ್ಮ ಹಣೆಯನ್ನು ಒತ್ತಿ ಹಿಂಸೆ ಕೊಡಬಹುದು. ಹೆಸರು ನೋಡಿ ಕೊಂಡು ಆಮೇಲೆ ಬೈಯುವವರನ್ನು ಸಾಕಷ್ಟು ಕಂಡಿದ್ದೇನೆ.

ಕೊಳ್ಳುವ ಮೊದಲು ಮನೆಯಲ್ಲೇ ದರ್ಜಿಯ ಟೇಪಿನಿಂದ ತಲೆ ಅಳೆದುಕೊಂಡಿದ್ದೆ. ಹುಬ್ಬಿನಿಂದ ಒಂದಂಗುಲ ಮೇಲೆ, ಕಿವಿಯ ಮೇಲ್ಭಾಗದಿಂದ ಹಾಯ್ದು, ಹಿಂದೆ ತಲೆ ಅತಿ ಹೆಚ್ಚು ಉಬ್ಬಿರುವ ಕಡೆ ಸುತ್ತಿ ನೋಡಬೇಕು. ನನ್ನದು 57 ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಂಗಡಿಗಳಲ್ಲಿ ಸಿಗುವ ಹೆಲ್ಮೆಟ್‌ಗಳಲ್ಲಿ ಸಾಮಾನ್ಯವಾಗಿ ಮೀಡಿಯಂ ಎಂದರೆ 58, ಲಾರ್ಜ್ ಎಂದರೆ 60. ಅಂದಮೇಲೆ ಮೀಡಿಯಂ ಸಾಕು ಎಂದುಕೊಂಡು ಹೋದರೆ ಲೆಕ್ಕ ಅಷ್ಟು ಸುಲಭವಾಗಿರಲಿಲ್ಲ. ಮೊದಲು ಹಾಕಿಕೊಂಡ ಮೀಡಿಯಂ ಹಣೆಯ ನಡುವೆ ಒಂದೇ ಕಡೆ ಒತ್ತುತ್ತಿತ್ತು. ತೆಗೆದಾಗ ಅಲ್ಲಿ ಕೆಂಪು ಗುರುತು. ಟೇಪು ಸುತ್ತಳತೆಯನ್ನಷ್ಟೇ ಹೇಳುತ್ತದೆ, ಆಕಾರವನ್ನು ಹೇಳುವುದಿಲ್ಲ. ನನ್ನ ತಲೆ ಹಿಂದೆ ಮುಂದೆ ಉದ್ದ, ಆ ಹೆಲ್ಮೆಟ್ಟಿನ ಒಳಗು ದುಂಡಗೆ. ಅದೇ ಮಾದರಿಯ ಲಾರ್ಜ್ ಕೊಟ್ಟರು. ಹಾಕಿದ ಕೂಡಲೇ ಹಾಯೆನಿಸಿತು. ಆದರೆ ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಂಡು, ಹಿಂಬದಿಯ ಕೆಳ ಅಂಚನ್ನು ಎರಡೂ ಕೈಗಳಿಂದ ಹಿಡಿದು ಮುಂದಕ್ಕೆ ಎತ್ತಿದರೆ ಹಣೆಯ ಅಂಚು ಜಾರಿ ಕಣ್ಣಿನ ಮೇಲೆ ಬಂತು. ಕೈಯಿಂದ ಎತ್ತಿದರೇ ಹೀಗೆ ಉರುಳುವುದು ರಸ್ತೆಗೆ ಬಿದ್ದಾಗ ತಲೆಯ ಮೇಲೆ ನಿಲ್ಲುವುದಿಲ್ಲ. ಇನ್ನೊಂದು ಕಂಪನಿಯ ಮೀಡಿಯಂ ಮೂರನೆಯದು. ಕೆನ್ನೆ ಒಳಗೆ ಸೇರಿ ಮಾತಾಡಿದರೆ ಹಲ್ಲಿಗೆ ತಾಗುವಷ್ಟು ಬಿಗಿ, ಹಣೆಯ ಮೇಲೆ ಮಾತ್ರ ಎಲ್ಲ ಕಡೆ ಒಂದೇ ಸಮ. ಹೆಲ್ಮೆಟ್ ಹಿಡಿದು ಎಡಬಲ ತಿರುಗಿಸಿದರೆ ಹಣೆಯ ಚರ್ಮವೂ ಅದರ ಜೊತೆಗೇ ಎಳೆದುಕೊಂಡು ಬರುತ್ತಿತ್ತು. ಅದನ್ನೇ ಹಾಕಿಕೊಂಡು ಅಂಗಡಿಯಲ್ಲಿ ಕಾಲು ಗಂಟೆ ಕೂತೆ. ಅಂಗಡಿಯವರು ಒಮ್ಮೆ ನನ್ನ ಮುಖ, ಒಮ್ಮೆ ಗಡಿಯಾರ ನೋಡುತ್ತಿದ್ದರು. ಎಲ್ಲೂ ನೋವು ಬರಲಿಲ್ಲ, ಕೊಂಡೆ.

ಕೆನ್ನೆಯ ಬಿಗಿತಕ್ಕೆ ಹೆದರಿ ಒಂದು ಸೈಜು ದೊಡ್ಡದು ಕೊಳ್ಳುವುದು ನಮ್ಮೂರಿನಲ್ಲಿ ಬಹಳ. ಹೊಸ ಸ್ಪಂಜು ಕೆಲವು ತಿಂಗಳಲ್ಲೇ ಕೆನ್ನೆಯ ಅಚ್ಚಿಗೆ ಒಗ್ಗುತ್ತದೆ, ನನ್ನದೂ ಹಾಗೆಯೇ ಒಗ್ಗಿತು. ಹಣೆಯ ಮೇಲಿನ ಒತ್ತು ಹಾಗಲ್ಲ. ಅಲ್ಲಿ ತಲೆಗೆ ತಾಗುತ್ತಿರುವುದು ತೆಳುವಾದ ಬಟ್ಟೆ, ಅದರ ಹಿಂದೆಯೇ ಗಟ್ಟಿ ಥರ್ಮೋಕೋಲ್. ಅದು ಸಡಿಲವಾಗಲಿ ಎಂದು ಕಾಯುವುದು ವ್ಯರ್ಥ.

ಮುದ್ರೆಯ ವಿಚಾರ. 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ್ದನ್ನು ತಯಾರಿಸುವಂತಿಲ್ಲ, ಮಾರುವಂತೆಯೂ ಇಲ್ಲ. ಆದರೂ ರಸ್ತೆ ಬದಿಯ ಹಗ್ಗದಲ್ಲಿ ನೇತುಬಿದ್ದ ಹೆಲ್ಮೆಟ್‌ಗಳ ಮೇಲೂ ಐಎಸ್‌ಐ ಎಂಬ ಸ್ಟಿಕ್ಕರ್ ಇರುತ್ತದೆ. ಸ್ಟಿಕ್ಕರ್ ಅಂಟಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸರಿಯಾದ ಗುರುತಿನಲ್ಲಿ ಮೂರು ಸಂಗತಿ ಒಟ್ಟಿಗೆ ಇರುತ್ತವೆ: ಮೇಲೆ IS 4151 ಎಂಬ ಮಾನಕದ ಸಂಖ್ಯೆ, ನಡುವೆ ಐಎಸ್‌ಐ ಚಿಹ್ನೆ, ಕೆಳಗೆ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಆ ಪರವಾನಗಿ ಸಂಖ್ಯೆಯನ್ನು ಮೊಬೈಲಿನ BIS Care ಆ್ಯಪ್‌ನಲ್ಲಿ ಹಾಕಿ ನೋಡಿದರೆ ತಯಾರಕರ ಹೆಸರು, ವಿಳಾಸ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಕೈಯಲ್ಲಿರುವ ಹೆಲ್ಮೆಟ್ಟಿನ ಮೇಲೆ ಒಂದು ಹೆಸರು, ತೆರೆಯ ಮೇಲೆ ಸಂಬಂಧವೇ ಇಲ್ಲದ ಇನ್ನೊಂದು ಹೆಸರು ಬಂದರೆ ಹೆಲ್ಮೆಟ್ಟನ್ನು ಇದ್ದಲ್ಲೇ ಇಟ್ಟು ಬನ್ನಿ. ಡಿಒಟಿ ಎಂಬ ಅಕ್ಷರಗಳನ್ನು ನೋಡಿ ಮರುಳಾಗುವುದೂ ಬೇಡ. ಅದು ಅಮೆರಿಕದ ಗುರುತು. ಅಲ್ಲಿ ತಯಾರಕರೇ ತಮ್ಮ ಸರಕು ನಿಯಮಕ್ಕೆ ತಕ್ಕಂತಿದೆ ಎಂದು ಘೋಷಿಸಿ ಅಂಟಿಸುತ್ತಾರೆ, ಸರ್ಕಾರ ಆಮೇಲೆ ಕೆಲವನ್ನು ಕೊಂಡು ಪರೀಕ್ಷಿಸುತ್ತದೆ. ಇಲ್ಲಿ ಐಎಸ್‌ಐ ಬದಲಿಗೆ ಅದು ನಡೆಯುವುದಿಲ್ಲ.

ಇಷ್ಟಾದರೂ ಮುದ್ರೆಗೊಂದು ಮಿತಿ ಇದೆ. ಪ್ರಯೋಗಾಲಯದಲ್ಲಿ ಹೆಲ್ಮೆಟ್ಟನ್ನು ಅಳತೆಗೆ ಸರಿಹೊಂದುವ ತಲೆಯಚ್ಚಿಗೆ ತೊಡಿಸಿ, ಪಟ್ಟಿ ಬಿಗಿದು ಪರೀಕ್ಷಿಸುತ್ತಾರೆ. ನಿಮ್ಮ ತಲೆಯ ಮೇಲೆ ಅದು ಅಲ್ಲಾಡುತ್ತಿದ್ದರೆ ಆ ಪರೀಕ್ಷೆಯ ಫಲ ನಿಮಗೆ ಸಿಗುವುದಿಲ್ಲ. ಪಟ್ಟಿ ಹಾಕದೆ ಬರೀ ತಲೆಗೇರಿಸಿಕೊಂಡು ಐ.ಜಿ. ರಸ್ತೆಯಲ್ಲಿ ಓಡಾಡುವವರು ಐಎಸ್‌ಐ ಕೊಂಡರೇನು, ಬಿಟ್ಟರೇನು.

ಕೊಳ್ಳುವಾಗ ಕೇಳಲೇಬೇಕಾದ ಇನ್ನೊಂದು ತಯಾರಿಕೆಯ ತಿಂಗಳು ಮತ್ತು ವರ್ಷ. ಅದು ಸಾಮಾನ್ಯವಾಗಿ ಒಳಗಿನ ಚೀಟಿಯಲ್ಲಿ ಇರುತ್ತದೆ, ಕೆಲವದರಲ್ಲಿ ಬಟ್ಟೆ ಸರಿಸಿ ಹುಡುಕಬೇಕು. ನನಗೆ ಮೊದಲು ತಂದುಕೊಟ್ಟದ್ದು ಎರಡು ವರ್ಷ ಅಂಗಡಿಯಲ್ಲೇ ಉಳಿದದ್ದು. "ಬಳಸದ ಮಾಲು ಹಳೆಯದಾಗುವುದು ಹೇಗೆ ಸಾರ್?" ಎಂದರು ಅಂಗಡಿಯವರು. ಹೊರಗಿನ ಬಿಸಿಲು ತಾಗುವಂತೆ ನೇತುಹಾಕಿದ್ದು ಅದು. ಒಳಗಿನಿಂದ ಬೇರೆ ತರಿಸಿಕೊಂಡೆ, ಹಣ ಅಷ್ಟೇ.

ಬಳಸುತ್ತಾ ಹೋದಂತೆ ಮಲೆನಾಡಿನಲ್ಲಿ ಹೆಲ್ಮೆಟ್ ಹಾಳಾಗುವ ಬಗೆಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಬಟ್ಟೆ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಅದಕ್ಕೆಂದು ಬಚ್ಚಲುಮನೆಯ ಹಂಡೆ ಒಲೆಯ ಮೇಲಿನ ಹಲಗೆಗೆ ಹೆಲ್ಮೆಟ್ ಏರಿಸಿಡುವ ಮನೆಗಳಿವೆ. ಬಟ್ಟೆ ಒಣಗುತ್ತದೆ ನಿಜ. ಒಲೆಯ ಕಾವು ಹೆಚ್ಚಾದರೆ ಥರ್ಮೋಕೋಲ್ ಕುಗ್ಗಿ ಹೊರಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಬಟ್ಟೆ, ಕೆನ್ನೆಯ ಸ್ಪಂಜು ಬಿಚ್ಚಲು ಬರುವ ಮಾದರಿಯಾದರೆ ಅವನ್ನಷ್ಟೇ ತೆಗೆದು, ಮೆದು ಸೋಪಿನಲ್ಲಿ ಒಗೆದು ಒಣಗಿಸಿದರೆ ಸಾಕು. ಅದಕ್ಕಿಂತ ದೊಡ್ಡ ಶತ್ರು ಪೆಟ್ರೋಲ್. ತೋಟದ ಕಳೆ ಕೊಚ್ಚುವ ಯಂತ್ರಕ್ಕೆ ತಂದ ಪೆಟ್ರೋಲ್ ಕ್ಯಾನಿನ ಪಕ್ಕ ಹೆಲ್ಮೆಟ್ ಇಡುವುದು ನಮ್ಮಲ್ಲಿ ಮಾಮೂಲು. ಒಂದು ಚೂರು ಥರ್ಮೋಕೋಲ್ ಮೇಲೆ ಪೆಟ್ರೋಲ್ ಹನಿಸಿ ನೋಡಿ, ಕಣ್ಣೆದುರಿಗೇ ಕರಗಿ ಗುಂಡಿ ಬೀಳುತ್ತದೆ. ಥಿನ್ನರ್ ಬಳಸಿ ಸ್ಟಿಕ್ಕರ್ ಕೀಳುವುದು, ಬಣ್ಣ ಬಳಿಯುವುದು ಕೂಡ ಇದೇ ಜಾತಿಯ ಕೆಲಸ.

ನಾಲ್ಕನೆಯ ವರ್ಷಕ್ಕೆ ಕೆನ್ನೆಯ ಸ್ಪಂಜು ಸೋತಿತ್ತು. ತಟ್ಟನೆ ತಲೆ ತಿರುಗಿಸಿದರೆ ಹೆಲ್ಮೆಟ್ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತಿತ್ತು. ಅದೇ ಕಂಪನಿಯ ಹೊಸ ಸ್ಪಂಜು ಕೆಲವು ನೂರು ರೂಪಾಯಿಗೆ ಸಿಕ್ಕಿತು. ಹಾಕಿದ ಮೇಲೆ ಮತ್ತೆ ಬಿಗಿಯಾಗಿ ಕೂತಿತು. ಆದರೆ ಸ್ಪಂಜು ಬದಲಿಸಿದರೆ ಹೆಲ್ಮೆಟ್ಟಿನ ಆಯಸ್ಸು ಬದಲಾಗದು. ಬೆವರು, ತಲೆಗೆಣ್ಣೆ, ಬಿಸಿಲು ಸೇರಿ ಒಳಪದರ, ಅಂಟು, ಪಟ್ಟಿ ಎಲ್ಲವನ್ನೂ ತಿನ್ನುವುದರಿಂದ ಐದು ವರ್ಷಕ್ಕೆ ಬದಲಿಸಿ ಎನ್ನುವುದು ರೂಢಿಯ ಸಲಹೆ, ಮೂರಕ್ಕೇ ಬದಲಿಸಿ ಎನ್ನುವ ಕಂಪನಿಗಳೂ ಇವೆ. ದಿನವೂ ಬಳಸುವವರು ಐದಕ್ಕಿಂತ ಮುಂದೆ ಎಳೆಯದಿರುವುದು ಲೇಸು.

ನನ್ನದು ಐದರವರೆಗೆ ಹೋಗಲಿಲ್ಲ. ಕಳೆದ ಮಳೆಗಾಲದಲ್ಲಿ ತೋಟದಿಂದ ಹೊರಬಂದ ಟ್ರ್ಯಾಕ್ಟರ್ ತಿರುವಿನಲ್ಲಿ ಉದುರಿಸಿದ್ದ ಕೆಸರಿನ ಮೇಲೆ ಮುಂಚಕ್ರ ಜಾರಿತು. ವೇಗ ಹೆಚ್ಚಿರಲಿಲ್ಲ. ಮೊಣಕೈ ತರಚಿತು, ಹೆಲ್ಮೆಟ್ಟಿನ ಎಡ ಹಿಂಬದಿ ಡಾಂಬರಿನ ಅಂಚಿಗೆ ಟಪ್ಪೆಂದು ಬಡಿಯಿತು. ತಲೆಗೆ ನೋವೇ ಇಲ್ಲ. ಮನೆಗೆ ಬಂದು ನೋಡಿದರೆ ಹೊರಗೆ ಉಗುರಗಲದ ಗೀರು, ಒಳಗೆ ಬಟ್ಟೆ ತೆಗೆದು ಟಾರ್ಚ್ ಹಿಡಿದರೂ ಥರ್ಮೋಕೋಲ್ ನುಣ್ಣಗೆ, ಬಿರುಕಿಲ್ಲದೆ ಇತ್ತು. "ಗೀರು ಬಿಟ್ಟರೆ ಏನೂ ಆಗಿಲ್ಲ ಭಾವ, ನನಗೆ ಕೊಡಿ, ನಾನು ಹಾಕಿಕೊಳ್ಳುತ್ತೇನೆ" ಎಂದ ಭಾಮೈದ.

ಕೊಡುವ ಬದಲು ಪಟ್ಟಿ ಕತ್ತರಿಸಿ, ಕಬ್ಬಿಣ ಕೊಯ್ಯುವ ಗರಗಸದಿಂದ ಏಟು ಬಿದ್ದ ಜಾಗದ ಮೂಲಕವೇ ಹೆಲ್ಮೆಟ್ಟನ್ನು ಎರಡು ಹೋಳು ಮಾಡಿದೆ. ಬಲಗಡೆ ಥರ್ಮೋಕೋಲ್ ಚಿಪ್ಪಿಗೆ ಒತ್ತಿಕೊಂಡು, ಸಾಬೂದಾನಿಯಂಥ ಕಾಳುಗಳು ದುಂಡಗೆ ಕಾಣುವಂತೆ ಇತ್ತು. ಎಡಗಡೆ ಗೀರಿನ ಕೆಳಗೆ ಅಂಗೈಯ ಅರ್ಧದಷ್ಟು ಜಾಗದಲ್ಲಿ ಕಾಳುಗಳು ಚಪ್ಪಟೆಯಾಗಿ, ಪದರ ತೆಳುವಾಗಿ, ಚಿಪ್ಪಿಗೂ ಅದಕ್ಕೂ ನಡುವೆ ಬೆರಳುಗುರು ತೂರುವಷ್ಟು ಸಂದು. ಅಪ್ಪಚ್ಚಿಯಾದದ್ದು ಪದರದ ಹೊರಮೈ. ತಲೆಯ ಕಡೆಯಿಂದ ಎಷ್ಟು ಟಾರ್ಚ್ ಹಿಡಿದರೂ ಕಾಣುತ್ತಿರಲಿಲ್ಲ. ಪ್ಲಾಸ್ಟಿಕ್ ಚಿಪ್ಪು ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬಂದಿತ್ತು, ಥರ್ಮೋಕೋಲ್ ಬರಲಿಲ್ಲ. ಒಮ್ಮೆ ಅಪ್ಪಚ್ಚಿಯಾಗಿ ಏಟಿನ ಜೋರನ್ನು ನುಂಗುವುದೇ ಅದರ ಕೆಲಸ. ಎರಡನೆಯ ಸಲ ಅದೇ ಜಾಗಕ್ಕೆ ಬಿದ್ದರೆ ನುಂಗಲು ಅಲ್ಲಿ ಉಳಿದಿರುವುದು ಕಡಿಮೆ. ಹೋಳುಗಳನ್ನು ನೋಡಿದ ಭಾಮೈದ ಮತ್ತೆ ಕೇಳಲಿಲ್ಲ.

ಬರೀ ಹೆಲ್ಮೆಟ್ ಬೈಕಿನ ಸೀಟಿನಿಂದ ಒಮ್ಮೆ ನೆಲಕ್ಕೆ ಉರುಳಿದರೆ ಹೀಗೆ ಆಗುವುದು ಅಪರೂಪ. ಒಳಗೆ ತಲೆಯ ಭಾರ ಇಲ್ಲದಿರುವುದರಿಂದ ಪದರದ ಮೇಲೆ ಅಷ್ಟು ಒತ್ತಡ ಬೀಳುವುದಿಲ್ಲ. ತಲೆಯಲ್ಲಿದ್ದಾಗ ಬಡಿದದ್ದಾದರೆ ಮಾತ್ರ ಗೀರಿನ ಅಳತೆ ನೋಡಿ ತೀರ್ಮಾನಿಸಬೇಡಿ, ಬದಲಿಸಿ. ಕನ್ನಡಿಯ ಕಂಬಿಗೆ ಹೆಲ್ಮೆಟ್ ಸಿಕ್ಕಿಸುವ ಅಭ್ಯಾಸವನ್ನೂ ಬಿಡಿ. ಕಂಬಿಯ ತುದಿ ಒಳಪದರವನ್ನು ದಿನವೂ ಒಂದೇ ಕಡೆ ಚುಚ್ಚುತ್ತದೆ.

ಹೆಲ್ಮೆಟ್ಟಿನ ಬಗ್ಗೆ ದೂರುಗಳೂ ಇವೆ. ಗಾಳಿ ಬರುವ ಕಿಂಡಿಯನ್ನು ಮುಚ್ಚಿದರೂ ಜೋರು ಮಳೆಯಲ್ಲಿ ನೀರು ಹಣೆಗೆ ಇಳಿಯುತ್ತಿತ್ತು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಗಾಜು ಒಳಗಿನಿಂದ ಮಬ್ಬಾಗಿ, ಎರಡು ಬೆರಳಷ್ಟು ಎತ್ತಿಕೊಂಡೇ ಓಡಿಸಬೇಕಾಗುತ್ತಿತ್ತು. ಗಾಜು ಎರಡೇ ವರ್ಷಕ್ಕೆ ಗೀರುಬಿದ್ದು, ರಾತ್ರಿ ಎದುರಿನ ಲಾರಿಯ ದೀಪ ಹತ್ತಾಗಿ ಕಾಣತೊಡಗಿದಾಗ ಬೇರೆ ಹಾಕಿಸಿದೆ. ಈಗ ಕೊಂಡದ್ದು ಅದೇ ಮಾದರಿ, ಅದೇ ಮೀಡಿಯಂ. ಐದಕ್ಕೆ ನಾಲ್ಕು ಅಂಕ. ಕಡಿತಗೊಂಡ ಒಂದು ಅಂಕ ಆ ಸೋರುವ ಕಿಂಡಿಗೆ.