ಸ್ಪೀಕರ್ ಕನ್ಫರ್ಮೇಶನ್‌ಗೆ ಶೀಟ್ ಸಾಕಾ, pretalx ಬೇಕಾ?

ಕಾನ್ಫರೆನ್ಸ್‌ಗೆ ಒಂದೇ ಹಾಲ್, ಹತ್ತು ಹದಿನೈದು ಟಾಕ್ ಅಂದ್ರೆ ಗೂಗಲ್ ಶೀಟ್ ಸಾಕು ಗುರು, ತಲೆ ಕೆಡಿಸ್ಕೋಬೇಡಿ. ಕಷ್ಟ ಶುರುವಾಗೋದು ಸ್ಲಾಟ್ ಅದಲುಬದಲು ಮಾಡುವಾಗ. 11:30ರ ಸ್ಪೀಕರ್ 'ಫ್ಲೈಟ್ ಲೇಟು, 2ರ ಮೇಲೆ ಕೊಡಿ' ಅಂತಾರೆ, ನೀವು 3 ಗಂಟೆಯವರ ಜೊತೆ ಬದಲಾಯಿಸ್ತೀರ, ಆದ್ರೆ ಅವರು ಅದೇ 11:30ಕ್ಕೆ ಪಕ್ಕದ ಹಾಲ್ ಪ್ಯಾನೆಲ್‌ನಲ್ಲಿ ಇದಾರೆ ಅಂತ ಶೀಟ್ ಹೇಳಲ್ಲ, ಫಾರ್ಮುಲಾ ಬರೆದಿಟ್ಟಿದ್ರೆ ಮಾತ್ರ ಗೊತ್ತಾಗುತ್ತೆ. pretalx ಅನ್ನೋ ಕಾನ್ಫರೆನ್ಸ್ ವೇಳಾಪಟ್ಟಿ ಸಾಫ್ಟ್‌ವೇರ್‌ನಲ್ಲಿ ಟಾಕ್ ಎಳೆದು ಅಲ್ಲಿ ಇಟ್ಟ ತಕ್ಷಣ ವಾರ್ನಿಂಗ್ ಬರುತ್ತೆ. ಸ್ಪೀಕರೇ ತಮ್ಮ ಬಿಡುವಿನ ಟೈಮ್ ತುಂಬಿದ್ರೆ ಅದನ್ನೂ ಚೆಕ್ ಮಾಡುತ್ತೆ. ವೇಳಾಪಟ್ಟಿಯ ಹೊಸ ವರ್ಷನ್ ರಿಲೀಸ್ ಮಾಡೋವರೆಗೂ ಬದಲಾವಣೆ ಹೊರಗೆ ಕಾಣಲ್ಲ, ಮಾಡಿದಾಗ ಸಂಬಂಧಪಟ್ಟವರಿಗೆ ಮೇಲ್ ಕಳಿಸಬಹುದು.

ಆದ್ರೆ ಪ್ಯಾನೆಲ್ ವಿಷಯದಲ್ಲಿ ಅದು ಕೈಕೊಡುತ್ತೆ ನೋಡಿ. ಅಲ್ಲಿ ಕನ್ಫರ್ಮ್ ಆಗೋದು ಸೆಷನ್, ವ್ಯಕ್ತಿ ಅಲ್ಲ. ನಾಲ್ವರಲ್ಲಿ ಒಬ್ಬರು ಲಿಂಕ್ ಒತ್ತಿದ್ರೂ ಇಡೀ ಪ್ಯಾನೆಲ್ confirmed, ಉಳಿದ ಮೂವರು ಮೇಲ್ ಕೂಡ ನೋಡಿರಲ್ಲ. ಇಲ್ಲಿ ಶೀಟೇ ವಾಸಿ, ಪ್ಯಾನೆಲಿಸ್ಟ್‌ಗೆ ಒಬ್ಬೊಬ್ಬರಿಗೆ ಒಂದು ಸಾಲು, ಪಕ್ಕದಲ್ಲಿ 'ಹೂಂ ಅಂದ ತಾರೀಕು' ಕಾಲಂ, 'ಬರ್ತೀನಿ ಅನ್ಸುತ್ತೆ' ಅಂದವರದ್ದು ಖಾಲಿನೇ ಇರ್ಲಿ. ಎರಡು ಮೂರು ಹಾಲ್ ಇದ್ರೆ ನಾನಂತೂ ವೇಳಾಪಟ್ಟಿಗೆ pretalx, ಪ್ಯಾನೆಲ್‌ಗೆ ಮಾತ್ರ ಶೀಟ್ ಇಟ್ಕೋತೀನಿ, ಟೈಮನ್ನ ಮಾತ್ರ ಶೀಟಲ್ಲಿ ಬರೆಯಲ್ಲ, ಎರಡು ಕಡೆ ಇದ್ರೆ ಒಂದು ಹಳೇದಾಗೇ ಆಗುತ್ತೆ.