ಎರಡು ವರ್ಷದಿಂದ ಪ್ಲೇ ಸ್ಟೋರ್ ಪಾಸ್‌ವರ್ಡ್ ಕಾವಲು: ಬೆರಳಚ್ಚಿನದೇ ಒಂದು ಕಥೆ

ಪ್ಲೇ ಸ್ಟೋರ್‌ನಲ್ಲಿ Settings ಒಳಗೆ Purchase verification ಅಂತ ಇದೆ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳಬೇಕಾ, 30 ನಿಮಿಷಕ್ಕೊಮ್ಮೆ ಸಾಕಾ, ಕೇಳುವುದೇ ಬೇಡವಾ, ನಾವೇ ಆರಿಸಬೇಕು. ನಾನು ಮೊದಲು ನಡುವಿನದನ್ನೇ ಆರಿಸಿದ್ದೆ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟ ಒಂದು ದಿನ ಪಾಸ್‌ವರ್ಡ್ ಹಾಕಿ ಒಂದು ಪುಸ್ತಕ ಕೊಂಡೆ, ಕೂಡಲೇ ಫೋನ್ ಮಗನ ಕೈಗಿಟ್ಟೆ. ಆ ಅರ್ಧ ಗಂಟೆ ಬಾಗಿಲು ತೆರೆದೇ ಇತ್ತು. ಅವನು ಆಟದಲ್ಲಿ ಒತ್ತಿದ್ದಕ್ಕೆಲ್ಲ ದುಡ್ಡು ಹೋಯಿತು. ತಪ್ಪು ನನ್ನದೇ. ಅವತ್ತೇ ಪ್ರತಿ ಖರೀದಿಗೂ ಕೇಳುವ ಹಾಗೆ ಮಾಡಿದೆ.

ಯುಪಿಐ ಆದರೆ ಪಿನ್ ಕೇಳುತ್ತದಲ್ವಾ, ಮತ್ತೆ ಹೇಗೆ ಹೋಯಿತು ಅಂತ ಕೇಳಬಹುದು. ನಾನು ಗಿಫ್ಟ್ ಕೋಡ್ ಹಾಕಿ ಪ್ಲೇ ಬ್ಯಾಲೆನ್ಸ್ ತುಂಬಿಸಿಟ್ಟಿದ್ದೆ. ಅದಕ್ಕೆ ಬ್ಯಾಂಕಿನ ಪಿನ್, ಒಟಿಪಿ ಯಾವುದೂ ಇಲ್ಲ. ಪ್ಲೇ ಸ್ಟೋರ್‌ನ ಈ ಒಂದು ಪ್ರಶ್ನೆಯೇ ಅದಕ್ಕಿರುವ ಬೇಲಿ.

ಆಮೇಲೆ ಒಂದು ವರ್ಷ ನೆಮ್ಮದಿ. ಬೆರಳಿಟ್ಟರೆ ಸಾಕು ಅಂತ ಮಾಡಿಕೊಂಡಿದ್ದೆ. ಹಾಳಾಗಿದ್ದು ಅಡಿಕೆ ಕೊಯ್ಲಿನಲ್ಲಿ. ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದರೆ ಬೆರಳ ತುಂಬ ಚೊಗರು ಹತ್ತುತ್ತದೆ, ಫೋನ್ ನನ್ನ ಬೆರಳನ್ನೇ ಗುರುತಿಸುವುದಿಲ್ಲ. ಬಂದ ಮೆಸೇಜು ಓದಿ ಹೇಳಲಿ ಅಂತ ಮಗನ ಹೆಬ್ಬೆರಳನ್ನೂ ಫೋನಿಗೆ ಸೇರಿಸಿದೆ. ಅಲ್ಲೇ ಎಡವಿದ್ದು. ಫೋನಿಗೆ ಸೇರಿಸಿದ ಬೆರಳು ಯಾರದ್ದಾದರೂ ಖರೀದಿಗೆ ಒಪ್ಪಿಗೆಯೇ. ಅಪ್ಪನದ್ದೋ ಮಗನದ್ದೋ ಅಂತ ಅದು ನೋಡುವುದಿಲ್ಲ. 89, 89, 449. ಒಟ್ಟು 627 ರೂಪಾಯಿ. ಸಂಜೆ ಕೈ ತೊಳೆದು ಮೇಲ್ ತೆರೆದಾಗ ಮೂರು ರಸೀದಿ ಕೂತಿದ್ದವು. ಅದೇ ರಾತ್ರಿ ಪ್ಲೇ ಸ್ಟೋರ್‌ನ ಖರೀದಿ ಪಟ್ಟಿಯಿಂದ ಮರುಪಾವತಿ ಕೇಳಿದೆ, ಸಿಕ್ಕಿತು. 48 ಗಂಟೆ ಒಳಗೆ ಕೇಳಿದ್ದು ಒಳ್ಳೆಯದಾಯಿತು.

ಈಗ ಖರೀದಿಗೆ ಬೆರಳಚ್ಚು ಬಂದ್ ಮಾಡಿದ್ದೇನೆ. ಗೂಗಲ್ ಖಾತೆಯ ಪಾಸ್‌ವರ್ಡ್ ಒಂದೇ ದಾರಿ. ಇದೇ ಖಾತೆ ಇರುವ ಹಳೆ ಟ್ಯಾಬ್‌ನಲ್ಲೂ ಬೇರೆಯಾಗಿ ಹಾಕಬೇಕಾಯಿತು, ಒಂದು ಕಡೆ ಹಾಕಿದ್ದು ಇನ್ನೊಂದಕ್ಕೆ ಬರುವುದಿಲ್ಲ. ಆಟದವರ ಸ್ವಂತ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿದರೆ ಇದು ತಡೆಯುವುದೂ ಇಲ್ಲ.

ಕಿರಿಕಿರಿ ಜಾಸ್ತಿ, ನಿಜ. ಆದರೆ ಮಗ ಈಗ ಜಗಲಿಗೆ ಬಂದು, "ಅಪ್ಪಯ್ಯ, ಪಾಸ್‌ವರ್ಡ್ ಕೇಳ್ತಾ ಇದ್ದು" ಅಂತ ಫೋನ್ ಹಿಡಿದು ನಿಲ್ಲುತ್ತಾನೆ. ಎಷ್ಟು, ಯಾಕೆ ಅಂತ ಮಾತಾಗುತ್ತದೆ. ಹತ್ತರಲ್ಲಿ ಎಂಟು ಸಲ ಅವನೇ ಬೇಡ ಅಂತಾನೆ. ಮೊನ್ನೆ ಚೊಗರು ಕೈಯಲ್ಲೇ ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಅರ್ಧಕ್ಕೆ ಬಂದಾಗ ಮುಂದಿನ ಅಕ್ಷರ ಅವನೇ ಹೇಳಿದ. ರಾತ್ರಿ ಊಟ ಆದ ಮೇಲೆ ಪಾಸ್‌ವರ್ಡ್ ಬದಲಿಸಿದೆ.