20 ದಿನದ ಬ್ರೇಕ್‌ಔಟ್, 10 ದಿನದ ಎಕ್ಸಿಟ್: ಹಲವು ವರ್ಷ ಬಳಸಿದ ಮೇಲೆ

ಟರ್ಟಲ್ ನಿಯಮಗಳಲ್ಲಿ ಟ್ರೇಡ್ ಮಾಡಲು ಶುರುಮಾಡಿ ಹಲವು ವರ್ಷಗಳಾದವು. ಅಮೆರಿಕದ ಟ್ರೇಡರ್ ರಿಚರ್ಡ್ ಡೆನ್ನಿಸ್ 1980ರ ದಶಕದಲ್ಲಿ ಟರ್ಟಲ್‌ಗಳು ಎಂದು ಕರೆಸಿಕೊಂಡ ತನ್ನ ಶಿಷ್ಯರಿಗೆ ಹೇಳಿಕೊಟ್ಟ ಎರಡು ಸಿಸ್ಟಂಗಳಲ್ಲಿ ನಾನು ಬಳಸುವುದು ವೇಗದ್ದನ್ನು. ಬೆಲೆ ಹಿಂದಿನ 20 ದಿನದ ಗರಿಷ್ಠವನ್ನು ದಾಟಿದರೆ ಖರೀದಿ, ಹಿಂದಿನ 10 ದಿನದ ಕನಿಷ್ಠವನ್ನು ಮುರಿದರೆ ಎಕ್ಸಿಟ್. ಎಲ್ಲರೂ ಎಂಟ್ರಿ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಇದರ ಜೀವ ಇರುವುದು ಎಕ್ಸಿಟ್‌ನಲ್ಲಿ.

ಮೊದಲು ಚಾರ್ಟ್ ಸರಿಮಾಡಿಕೊಳ್ಳಿ. ಇಷ್ಟು ದಿನದ ಗರಿಷ್ಠ, ಕನಿಷ್ಠಗಳನ್ನು ಗೆರೆಯಾಗಿ ತೋರಿಸುವ ಡಾಂಚಿಯನ್ ಚಾನಲ್‌ನಲ್ಲಿ ಎಷ್ಟೋ ಸಲ ಇವತ್ತಿನ ಕ್ಯಾಂಡಲ್ ಕೂಡ ಸೇರಿರುತ್ತದೆ. ಆಗ ಬೆಲೆ ಏರಿದಂತೆ ಗೆರೆಯೂ ಏರುತ್ತದೆ, ಬ್ರೇಕ್‌ಔಟ್ ಕಾಣಿಸುವುದೇ ಇಲ್ಲ. ಟ್ರೇಡಿಂಗ್‌ವ್ಯೂ ಚಾರ್ಟ್‌ಗಳ ಕೋಡ್ ಭಾಷೆಯಾದ ಪೈನ್ ಸ್ಕ್ರಿಪ್ಟ್‌ನಲ್ಲಾದರೆ ಒಂದು ದಿನ ಹಿಂದಕ್ಕೆ ಸರಿಸಬೇಕು:

```
upper = ta.highest(high, 20)[1]
lower = ta.lowest(low, 10)[1]
```

ಈಗ ಲೆಕ್ಕ ನೋಡೋಣ. 20 ದಿನದ ಗರಿಷ್ಠ 500, ದಿನದ ಸರಾಸರಿ ಏರಿಳಿತ, ಅಂದರೆ ಎಟಿಆರ್, 10 ಅಂತಿಟ್ಟುಕೊಳ್ಳಿ. ಖಾತೆಯಲ್ಲಿ 10 ಲಕ್ಷ ಇದ್ದರೆ ಅದರ ಶೇ. 1 ಆದ 10,000ವನ್ನು 10ರಿಂದ ಭಾಗಿಸಿ 1,000 ಷೇರು ಕೊಳ್ಳಬೇಕು. ಸ್ಟಾಪ್ ಎರಡು ಎಟಿಆರ್ ಕೆಳಗೆ, 480ರಲ್ಲಿ. ಅಲ್ಲಿ ಹೊಡೆದರೆ ಖಾತೆಯ ಶೇ. 2 ಹೋಗುತ್ತದೆ. ಗ್ಯಾಪ್‌ಡೌನ್ ಆಗಿ ಬೆಲೆ 480ಕ್ಕಿಂತ ಕೆಳಗೇ ತೆರೆದರೆ ಇನ್ನೂ ಜಾಸ್ತಿ.

ಬೆಲೆ 545ಕ್ಕೆ ಹೋಗಿ 528ಕ್ಕೆ ಇಳಿಯಿತು ಅನ್ನಿ. ಆಗ 5 ದಿನದ ಕನಿಷ್ಠ 531, 10 ದಿನದ್ದು 519. ಲಾಭ ಬೇಗ ಕಾಪಾಡಿಕೊಳ್ಳೋಣ ಎಂದು 5 ದಿನ ಇಟ್ಟವನು 31 ಪಾಯಿಂಟ್‌ಗೆ ಆಚೆ ಬರುತ್ತಾನೆ. 10 ದಿನದವನು ಒಳಗೇ ಇರುತ್ತಾನೆ. ಬೆಲೆ 620 ಮುಟ್ಟಿ ತಿರುಗಿದಾಗ ಅವನ ಎಕ್ಸಿಟ್ 574ರಲ್ಲಿ, ಲಾಭ 74. ತುದಿಯಿಂದ 46 ಪಾಯಿಂಟ್ ಬಿಟ್ಟುಕೊಡಬೇಕಾಯಿತು. ಕಣ್ಣೆದುರೇ ಕರಗುವ ಆ 46 ನೋಡುತ್ತಾ ಕೂರುವುದು ನಿಜವಾಗಿ ಕಷ್ಟ. ಆದರೆ ಅದೇ ಸಡಿಲದಿಂದಾಗಿ 528ರ ಇಳಿತದಲ್ಲಿ ಟ್ರೇಡ್ ಉಳಿಯಿತು, ಅಲ್ವಾ? ಅರ್ಧಕ್ಕಿಂತ ಜಾಸ್ತಿ ಟ್ರೇಡ್‌ಗಳು ಲಾಸ್ ಆಗುವ ಪದ್ಧತಿ ಇದು. ಇಂಥ ಕೆಲವೇ ಟ್ರೇಡ್‌ಗಳು ಎಲ್ಲದರ ಖರ್ಚು ಹೊರಬೇಕು.

ಮಾರ್ಕೆಟ್ ಒಂದೇ ಪಟ್ಟಿಯೊಳಗೆ ಓಡಾಡುವಾಗ ಇದು ಸುಮ್ನೆ ಹಣ ತಿನ್ನುತ್ತದೆ. ಮೇಲಿನ ಅಂಚಿನಲ್ಲಿ ಕೊಳ್ಳುವುದು, ಕೆಳಗೆ ಮಾರುವುದು, ಮತ್ತೆ ಅದೇ. ಇದಕ್ಕೆ ಮೂಲ ನಿಯಮದಲ್ಲೇ ಒಂದು ಸೋಸುವಿಕೆ ಇದೆ: ಹಿಂದಿನ ಬ್ರೇಕ್‌ಔಟ್ ಲಾಭ ತಂದಿದ್ದರೆ ಈ ಸಲದ್ದನ್ನು ಬಿಡಬೇಕು. ಬಿಟ್ಟದ್ದು ಓಡಿಬಿಟ್ಟರೆ 55 ದಿನದ ಗರಿಷ್ಠ ದಾಟಿದಾಗ ಹತ್ತಬೇಕು. ಹಾಗಾಗಿ ತೆಗೆದುಕೊಳ್ಳದ ಸಿಗ್ನಲ್‌ಗಳ ಫಲಿತಾಂಶವನ್ನೂ ಬರೆದಿಡಬೇಕು. ಇಲ್ಲದಿದ್ದರೆ ಮುಂದಿನದನ್ನು ಬಿಡಬೇಕೋ ಹಿಡಿಯಬೇಕೋ ಗೊತ್ತಾಗುವುದಿಲ್ಲ.

ಒಂದೇ ಷೇರಿನ ಮೇಲೆ ಇದನ್ನು ಪ್ರಯೋಗಿಸಬೇಡಿ. ಡೆನ್ನಿಸ್‌ನ ಶಿಷ್ಯರು ಬಾಂಡ್, ಕರೆನ್ಸಿ, ಲೋಹ, ಕಾಫಿ, ಸಕ್ಕರೆ ಹೀಗೆ ಸಂಬಂಧವಿಲ್ಲದ ಫ್ಯೂಚರ್ಸ್‌ಗಳಲ್ಲಿ ಎರಡೂ ದಿಕ್ಕಿಗೆ ಟ್ರೇಡ್ ಮಾಡುತ್ತಿದ್ದರು. ಒಂದು ಕಡೆ ಟ್ರೆಂಡ್ ಇಲ್ಲದಿದ್ದಾಗ ಇನ್ನೊಂದು ಕಡೆ ಇರಬಹುದು ಎಂಬ ಲೆಕ್ಕವದು.